ಪಾಲಿನ ದಾವೆ: ಪ್ರಾಥಮಿಕ ಡಿಕ್ರಿ ಮತ್ತು ಅಂತಿಮ ಡಿಕ್ರಿ

ಹುಟ್ಟೂರಿನಿಂದ ದೂರವಾಗಿ ಮುಂಬಯಿ, ಪುಣೆ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಒಂದು ಹಳೆಯ ಕಾಗದವಿರುತ್ತದೆ. ಊರಿನ ನ್ಯಾಯಾಲಯದ ಮೊಹರು ಬಿದ್ದ ಆ ಕಾಗದದಲ್ಲಿ ಕುಟುಂಬದ ಆಸ್ತಿಯಲ್ಲಿ ತಮಗೆ ಇಂತಿಷ್ಟು ಪಾಲು ಇದೆಯೆಂದು ಬರೆದಿರುತ್ತದೆ. ದಾವೆ ಗೆದ್ದಾಯಿತೆಂಬ ಸಮಾಧಾನದಿಂದ ಮನೆಯವರು ಅದನ್ನು ಪೆಟ್ಟಿಗೆಯಲ್ಲಿಟ್ಟಿರುತ್ತಾರೆ. ಹತ್ತು ಹನ್ನೆರಡು ವರ್ಷಗಳ ನಂತರ ಜಮೀನನ್ನು ಮಾರಲೆಂದೋ ಸಾಲ ಪಡೆಯಲೆಂದೋ ಆ ಕಾಗದವನ್ನು ಹೊರತೆಗೆದಾಗ, ಅದರ ಬಲದಿಂದ ಒಂದು ಗುಂಟೆಯನ್ನೂ ಸ್ವಾಧೀನಕ್ಕೆ ಪಡೆಯಲಾಗದೆಂಬ ಸಂಗತಿ ತಿಳಿದುಬರುತ್ತದೆ. ಅವರ ಕೈಯಲ್ಲಿದ್ದುದು ಪ್ರಾಥಮಿಕ ಡಿಕ್ರಿ. ದಾವೆ ಇನ್ನೂ ಮುಗಿದಿರುವುದಿಲ್ಲ.

ಸಾಲ ವಸೂಲಿಯ ದಾವೆಯಲ್ಲಿ ಡಿಕ್ರಿ ಸಾಮಾನ್ಯವಾಗಿ ಒಂದೇ. ಇಂತಿಷ್ಟು ಹಣ ಕೊಡತಕ್ಕದ್ದೆಂದು ಹೇಳಿದರೆ ನ್ಯಾಯಾಲಯದ ತೀರ್ಮಾನ ಮುಗಿಯಿತು. ಪಾಲಿನ ದಾವೆಯ ಸ್ವರೂಪ ಹಾಗಲ್ಲ. ಅಲ್ಲಿ ಉತ್ತರಿಸಬೇಕಾದ ಪ್ರಶ್ನೆಗಳು ಎರಡು. ಯಾರಿಗೆ ಎಷ್ಟು ಎಂಬುದು ಮೊದಲನೆಯದು. ಯಾರಿಗೆ ಯಾವುದು ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಸಿಗುವವರೆಗೆ ಎರಡನೆಯದನ್ನು ಕೈಗೆತ್ತಿಕೊಳ್ಳಲು ಬರುವುದಿಲ್ಲ. ಮೂರರಲ್ಲಿ ಒಂದು ಪಾಲೆಂದು ಗೊತ್ತಾಗದೆ ಭೂಮಾಪಕನು ಸರಪಳಿಯನ್ನು ಎಲ್ಲಿ ಇಡಬೇಕು? ಆದುದರಿಂದಲೇ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯು, ದಾವೆಯನ್ನು ಪೂರ್ತಿಯಾಗಿ ಇತ್ಯರ್ಥಪಡಿಸಲು ಮುಂದಿನ ನಡವಳಿಕೆಗಳು ಅಗತ್ಯವಾದಾಗ ಪ್ರಾಥಮಿಕ ಡಿಕ್ರಿ ನೀಡಲು ಅವಕಾಶ ಮಾಡಿದೆ. ಪಾಲಿನ ದಾವೆಗೆ ಸಂಬಂಧಿಸಿದ ನಿಯಮ ಆ ಸಂಹಿತೆಯ 20ನೆಯ ಆದೇಶದ 18ನೆಯ ನಿಯಮದಲ್ಲಿದೆ.

ಈ ಎರಡು ಹಂತಗಳ ಕಾರ್ಯವನ್ನು ಒಂದು ಕುಟುಂಬದ ಪ್ರಸಂಗದ ಮೂಲಕ ನೋಡಬಹುದು. ಪ್ರಸಂಗ ಉದಾಹರಣೆಗಾಗಿ ಕಟ್ಟಿದುದು. ಆದರೆ ಅದರ ಒಂದೊಂದು ತಿರುವೂ ನ್ಯಾಯಾಲಯಗಳಲ್ಲಿ ದಿನನಿತ್ಯ ಕಾಣುವಂಥದೇ.

ಧಾರವಾಡ ಜಿಲ್ಲೆಯ ಒಂದು ಹಳ್ಳಿಯಲ್ಲಿ 9 ಎಕರೆ ಜಮೀನು, ಧಾರವಾಡ ಪೇಟೆಯಲ್ಲಿ ಒಂದು ಹಳೆಯ ಮನೆ. ಇವು 1950ಕ್ಕೂ ಮೊದಲೇ ತೀರಿಕೊಂಡ ಅಜ್ಜನಿಂದ ತಂದೆಗೆ ಬಂದ ಪಿತ್ರಾರ್ಜಿತ ಆಸ್ತಿ. ಹಿರಿಯ ಮಗ ಊರಿನಲ್ಲಿಯೇ ಇದ್ದು ಸಾಗುವಳಿ ಮಾಡುತ್ತಾನೆ. ಕಿರಿಯ ಮಗ ಪುಣೆಯ ಕಾರ್ಖಾನೆಯೊಂದರಲ್ಲಿ ನೌಕರ. ಮಗಳು 1988ರಲ್ಲಿ ಮದುವೆಯಾಗಿ ಮುಂಬಯಿಗೆ ಹೋದವಳು. ತಾಯಿ 1995ರಲ್ಲಿಯೂ ತಂದೆ 1998ರಲ್ಲಿಯೂ ಉಯಿಲು ಬರೆಯದೆ ತೀರಿಕೊಂಡರು. 2001ರಲ್ಲಿ ಕಿರಿಯ ಮಗ ಧಾರವಾಡದ ಸಿವಿಲ್ ನ್ಯಾಯಾಲಯದಲ್ಲಿ ಪಾಲಿಗಾಗಿ ದಾವೆ ಹೂಡಿದ. ಆತನ ವಾಸ ಪುಣೆಯಲ್ಲಿದ್ದರೂ ಪುಣೆಯಲ್ಲಿ ದಾವೆ ಹೂಡುವಂತಿರಲಿಲ್ಲ. ಸ್ಥಿರಾಸ್ತಿಯ ಪಾಲಿನ ದಾವೆಯನ್ನು ಆಸ್ತಿ ಇರುವ ಕಡೆಯಲ್ಲಿಯೇ ಹೂಡಬೇಕು.

ಮೊದಲ ಹಂತದಲ್ಲಿ ನ್ಯಾಯಾಲಯ ಪರಿಶೀಲಿಸಿದ ವಿಷಯಗಳು ಮೂರು. ಈ ಕುಟುಂಬ ಅವಿಭಕ್ತವಾಗಿಯೇ ಇತ್ತೇ, ಹಿಂದೆ ವಾಟ್ನಿ ಆಗಿಹೋಗಿದೆಯೇ? ಯಾವ ಯಾವ ಆಸ್ತಿ ಪಾಲಿಗೆ ಒಳಪಡುತ್ತದೆ? ಪಾಲುದಾರರು ಯಾರು, ಅವರ ಅಂಶ ಎಷ್ಟು? ಹಿರಿಯ ಮಗ 9 ಎಕರೆಯಲ್ಲಿ 2 ಎಕರೆ ತನ್ನ ಸ್ವಯಾರ್ಜಿತವೆಂದು ವಾದಿಸಿದ. ಕ್ರಯಪತ್ರ ತನ್ನ ಹೆಸರಿನಲ್ಲಿದೆ ಎಂಬುದು ಅವನ ಆಧಾರ. ಕೊಂಡ ಹಣ ಕುಟುಂಬದ ಉತ್ಪನ್ನದಿಂದಲೇ ಬಂದುದೆಂದು ಸಾಕ್ಷ್ಯದಿಂದ ತೋರಿದ್ದರಿಂದ ಆ ವಾದ ನಿಲ್ಲಲಿಲ್ಲ. ಇಂಥ ವಿವಾದಗಳೇ ಮೊದಲ ಹಂತದ ಬಹುಭಾಗವನ್ನು ತಿನ್ನುತ್ತವೆ. ಇದರ ಜೊತೆಗೆ ಇನ್ನೊಂದು ಎಚ್ಚರ ಬೇಕು. ಪಾಲಿನ ದಾವೆಯಲ್ಲಿ ಹಕ್ಕುಳ್ಳ ಎಲ್ಲರೂ ಕಕ್ಷಿದಾರರಾಗಿರಬೇಕು, ಪಾಲಾಗಬೇಕಾದ ಎಲ್ಲ ಆಸ್ತಿಯೂ ದಾವೆಯ ಪಟ್ಟಿಯಲ್ಲಿ ಸೇರಬೇಕು. ಯಾವುದೋ ಊರಿನಲ್ಲಿರುವ ಸೋದರತ್ತೆಯ ಮಕ್ಕಳನ್ನು ಬಿಟ್ಟು ದಾವೆ ಹೂಡಿದರೆ ಐದಾರು ವರ್ಷ ಕಳೆದ ಮೇಲೆ ಆ ಲೋಪ ಹೊರಬಿದ್ದು ದಾವೆ ಮತ್ತೆ ಮೊದಲಿನಿಂದ ನಡೆಯಬೇಕಾಗುತ್ತದೆ.

2004ರ ಮಾರ್ಚಿಯಲ್ಲಿ ಪ್ರಾಥಮಿಕ ಡಿಕ್ರಿ ಆಯಿತು. ಆಗಿನ ಕಾನೂನಿನಂತೆ ಅಂಶಗಳ ಲೆಕ್ಕ ಹೀಗೆ. ತಂದೆ ತೀರಿಕೊಳ್ಳುವ ಮುನ್ನಾ ಗಳಿಗೆಯಲ್ಲಿ ಪಾಲು ಆಯಿತೆಂದು ಭಾವಿಸಿ ತಂದೆಗೆ ಮತ್ತು ಇಬ್ಬರು ಗಂಡುಮಕ್ಕಳಿಗೆ ತಲಾ ಮೂರರಲ್ಲಿ ಒಂದು ಭಾಗ ಕೊಡಬೇಕು. ಅನಂತರ ತಂದೆಯ ಆ ಒಂದು ಭಾಗವನ್ನು ಮೂವರು ಮಕ್ಕಳಿಗೂ ಸಮನಾಗಿ ಹಂಚಬೇಕು. ಹೀಗೆ ಗಂಡುಮಕ್ಕಳಿಬ್ಬರಿಗೆ ತಲಾ ಒಂಬತ್ತರಲ್ಲಿ ನಾಲ್ಕು ಭಾಗ, ಮಗಳಿಗೆ ಒಂಬತ್ತರಲ್ಲಿ ಒಂದು ಭಾಗ ಬಂದವು. ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಹಕ್ಕು ನೀಡಿದ ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಯಲ್ಲಿತ್ತಾದರೂ ಅದಕ್ಕೆ ಮೊದಲೇ ಮದುವೆಯಾದವರಿಗೆ ಅದು ಅನ್ವಯಿಸುತ್ತಿರಲಿಲ್ಲ. ಈ ಲೆಕ್ಕ ಹಿಂದೂ ಕುಟುಂಬದ್ದು. ಬೇರೆ ಧರ್ಮದವರ ಅಂಶಗಳು ಅವರವರ ಉತ್ತರಾಧಿಕಾರ ಕಾನೂನಿನಂತೆ ಬೇರೆಯಾಗುತ್ತವೆ. ಡಿಕ್ರಿಯ ಎರಡು ಹಂತಗಳು ಮಾತ್ರ ಎಲ್ಲರಿಗೂ ಒಂದೇ.

ಈ ಡಿಕ್ರಿಯನ್ನು ಓದಿದರೆ ಅದರಲ್ಲಿ ಭಿನ್ನರಾಶಿಗಳಿವೆ, ಚಕ್ಕುಬಂದಿ ಇಲ್ಲ. ಕಿರಿಯ ಮಗನಿಗೆ ಒಂಬತ್ತರಲ್ಲಿ ನಾಲ್ಕು ಭಾಗ ಎಂದಿದೆಯೇ ಹೊರತು ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿದಾರಿ ಇರುವ ಇಂಥ ಹೊಲ ಎಂದಿಲ್ಲ. ಆದುದರಿಂದ ಪ್ರಾಥಮಿಕ ಡಿಕ್ರಿಯನ್ನು ಹಿಡಿದು ಹೊಲಕ್ಕೆ ಬೇಲಿ ಹಾಕಲು ಹೊರಟರೆ ಅದು ಅತಿಕ್ರಮವಾದೀತು. ಅಂತಿಮ ಡಿಕ್ರಿ ಆಗುವ ಮೊದಲು ಅದನ್ನು ಅಮಲ್ಜಾರಿ ಮಾಡಿಸಲು ಬರುವುದಿಲ್ಲ. ಪಹಣಿಯಲ್ಲಿ ತನ್ನದೆಂಬ ಪ್ರತ್ಯೇಕ ತುಂಡು ಕಾಣಿಸುವುದೂ ಇಲ್ಲ.

ಹಾಗೆಂದು ಪ್ರಾಥಮಿಕ ಡಿಕ್ರಿ ದುರ್ಬಲವಾದುದೆಂದು ತಿಳಿಯಬಾರದು. ತಾನು ತೀರ್ಮಾನಿಸಿದ ವಿಷಯಗಳಲ್ಲಿ ಅದರ ಮಾತೇ ಕಡೆಯ ಮಾತು. ಅದರಿಂದ ಬಾಧಿತನಾದವನು ಆಗಲೇ ಅಪೀಲು ಮಾಡಬೇಕು. ಆಗ ಸುಮ್ಮನಿದ್ದು, ಮುಂದೆ ಅಂತಿಮ ಡಿಕ್ರಿಯ ಮೇಲೆ ಅಪೀಲು ಮಾಡುವಾಗ ಪ್ರಾಥಮಿಕ ಡಿಕ್ರಿ ತಪ್ಪೆಂದು ವಾದಿಸಲು ಸಂಹಿತೆಯ 97ನೆಯ ಕಲಮು ಅವಕಾಶ ಕೊಡುವುದಿಲ್ಲ. ಉದಾಹರಣೆಯ ಹಿರಿಯ ಮಗ 2 ಎಕರೆಯ ಮೇಲಿನ ತನ್ನ ವಾದವನ್ನು ಬಿಡಲೊಲ್ಲದೆ 2004ರಲ್ಲಿಯೇ ಜಿಲ್ಲಾ ನ್ಯಾಯಾಲಯಕ್ಕೆ ಅಪೀಲು ಹೋದುದಕ್ಕೆ ಕಾರಣ ಇದೇ. ಮುಂದಿನ ನಡವಳಿಕೆಗೆ ತಡೆಯಾಜ್ಞೆ ಸಿಕ್ಕಿತು. ಅಲ್ಲಿ ಸೋತು ಉಚ್ಚ ನ್ಯಾಯಾಲಯಕ್ಕೆ ಎರಡನೆಯ ಅಪೀಲು ಹೋಯಿತು. ಅದು ವಜಾ ಆದುದು 2011ರಲ್ಲಿ. ಎರಡು ಡಿಕ್ರಿಗಳ ವ್ಯವಸ್ಥೆಯಲ್ಲಿ ಕಾಲ ಹೇಗೆ ಕರಗುತ್ತದೆಂಬುದು ಇಲ್ಲಿ ಕಾಣುತ್ತದೆ. ಪ್ರತಿಯೊಂದು ಡಿಕ್ರಿಯೂ ತನ್ನದೇ ಆದ ಅಪೀಲುಗಳ ಸರಣಿಗೆ ಎಡೆಮಾಡುತ್ತದೆ. ಒಂದು ದಾವೆ ಎಂಬ ಹೆಸರಿನಲ್ಲಿ ನಡೆಯುವುದು ನಿಜವಾಗಿ ಎರಡು ದಾವೆಗಳ ಪ್ರಯಾಣ.

2011ರಿಂದ 2013ರವರೆಗೆ ಏನೂ ನಡೆಯಲಿಲ್ಲ. ಕಿರಿಯ ಮಗ ಉಚ್ಚ ನ್ಯಾಯಾಲಯದಲ್ಲಿ ಗೆದ್ದೆನೆಂದು ತಿಳಿದು ಪುಣೆಯಲ್ಲಿ ನಿಶ್ಚಿಂತನಾಗಿದ್ದ. ಊರಿನಲ್ಲಿ ಯಾರೂ ಏನೂ ಬಿಟ್ಟುಕೊಡದಿದ್ದಾಗ ವಕೀಲರನ್ನು ವಿಚಾರಿಸಿದ. ಅಂತಿಮ ಡಿಕ್ರಿಗಾಗಿ ಬೇರೆ ಅರ್ಜಿ ಹಾಕಬೇಕೆಂದು ಆಗ ತಿಳಿಯಿತು. ಕರ್ನಾಟಕದ ನ್ಯಾಯಾಲಯಗಳ ಆವರಣದಲ್ಲಿ ಇದನ್ನು 'ಎಫ್‌ಡಿಪಿ' ಎಂದು ಕರೆಯುತ್ತಾರೆ. ಎರಡು ಹಂತಗಳ ನಡುವಣ ಈ ಮೌನ ಪಾಲಿನ ದಾವೆಗಳಲ್ಲಿ ಬಹಳ ಸಾಮಾನ್ಯ. ಕೆಲವು ಕುಟುಂಬಗಳಲ್ಲಿ ಅದು ಇಪ್ಪತ್ತು ವರ್ಷಗಳವರೆಗೂ ಎಳೆದುಹೋಗುತ್ತದೆ. ಇಂಥ ಅರ್ಜಿಗೆ ಕಾಲಮಿತಿ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ಶುಭಕರಣ ಬುಬ್ನಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ದಾವೆ ಇನ್ನೂ ಜೀವಂತವಾಗಿರುವುದರಿಂದ ಆ ಅರ್ಜಿ ನ್ಯಾಯಾಲಯಕ್ಕೆ ತನ್ನ ಬಾಕಿ ಕೆಲಸವನ್ನು ನೆನಪಿಸುವ ಒಂದು ಮನವಿ ಮಾತ್ರ ಎಂಬುದು ಅದರ ಅಭಿಪ್ರಾಯ. ಮುಂದೆ 2022ರ ಜೂನಿನಲ್ಲಿ ಅದೇ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಾಥಮಿಕ ಡಿಕ್ರಿ ಆದೊಡನೆ ವಿಚಾರಣಾ ನ್ಯಾಯಾಲಯಗಳು ಪ್ರತ್ಯೇಕ ಅರ್ಜಿಗಾಗಿ ಕಾಯದೆ ತಾವಾಗಿಯೇ ಮುಂದಿನ ಕ್ರಮಕ್ಕೆ ದಿನ ಗೊತ್ತುಮಾಡಬೇಕೆಂದು ನಿರ್ದೇಶಿಸಿತು. ಅದಕ್ಕೆ ಮೊದಲು ಪ್ರಾಥಮಿಕ ಡಿಕ್ರಿ ಪಡೆದು ಸುಮ್ಮನಿದ್ದವರು ತಮ್ಮ ಕಡತ ಯಾವ ಸ್ಥಿತಿಯಲ್ಲಿದೆಯೆಂದು ವಿಚಾರಿಸುವುದು ಅವಶ್ಯ. ದಾವೆಯ ಸಂಖ್ಯೆ ಮತ್ತು ವರ್ಷ ತಿಳಿದಿದ್ದರೆ, ಕಂಪ್ಯೂಟರಿಗೆ ಏರಿಸಿದ ಕಡತಗಳ ಮಟ್ಟಿಗೆ, ಇ-ಕೋರ್ಟ್ಸ್ ಸೇವೆಯ ಮೂಲಕ ದೂರದ ಊರಿನಿಂದಲೇ ಇದನ್ನು ನೋಡಬಹುದು.

ಎರಡನೆಯ ಹಂತದಲ್ಲಿ ಆಸ್ತಿಯ ಜಾತಿಗೆ ತಕ್ಕಂತೆ ದಾರಿ ಕವಲೊಡೆಯುತ್ತದೆ. ಸರ್ಕಾರಕ್ಕೆ ಕಂದಾಯ ಕಟ್ಟುವ ಜಮೀನನ್ನು ನ್ಯಾಯಾಲಯ ತಾನೇ ಹಂಚುವುದಿಲ್ಲ. ಸಂಹಿತೆಯ 54ನೆಯ ಕಲಮಿನಂತೆ ಆ ಕೆಲಸ ಜಿಲ್ಲಾಧಿಕಾರಿಯದು ಅಥವಾ ಅವರ ಅಧೀನದ ಗೆಜೆಟೆಡ್ ಅಧಿಕಾರಿಯದು. ಕಾಗದಗಳು ತಹಶೀಲ್ದಾರರ ಕಚೇರಿಗೆ, ಅಲ್ಲಿಂದ ಮೋಜಣಿಗೆ ಹೋಗುತ್ತವೆ. ಮನೆ, ನಿವೇಶನ, ಅಂಗಡಿ ಮುಂತಾದವುಗಳಿಗೆ ನ್ಯಾಯಾಲಯವೇ ಒಬ್ಬ ಕಮಿಷನರನ್ನು, ಸಾಮಾನ್ಯವಾಗಿ ಒಬ್ಬ ವಕೀಲರನ್ನು, ನೇಮಿಸುತ್ತದೆ. ಅವರು ಸ್ಥಳಕ್ಕೆ ಹೋಗಿ ಅಳೆದು, ಭಾಗಗಳನ್ನು ಮಾಡಿ, ನಕ್ಷೆ ಸಹಿತ ವರದಿ ಸಲ್ಲಿಸಬೇಕು. ಕಕ್ಷಿದಾರರು ಅದಕ್ಕೆ ಆಕ್ಷೇಪಣೆ ಸಲ್ಲಿಸಬಹುದು. ನ್ಯಾಯಾಲಯ ವರದಿಯನ್ನು ಒಪ್ಪಬಹುದು, ತಿದ್ದಬಹುದು, ತಳ್ಳಿಹಾಕಬಹುದು. ತಳ್ಳಿಹಾಕಿದರೆ ಹೊಸ ಕಮಿಷನರ ನೇಮಕವಾಗಿ ಕೆಲಸ ಮತ್ತೆ ಅಳತೆಯಿಂದಲೇ ಆರಂಭ.

ಹಂಚುವ ಕೆಲಸ ಕೇವಲ ಗಣಿತವಲ್ಲ. ಉದಾಹರಣೆಯ 9 ಎಕರೆಯಲ್ಲಿ 3 ಎಕರೆ ಬಾವಿ ನೀರಾವರಿ, ಉಳಿದ 6 ಎಕರೆ ಮಳೆಯನ್ನೇ ನೆಚ್ಚಿದ ಎರೆಭೂಮಿ. ಲೆಕ್ಕದ ಅನುಕೂಲಕ್ಕಾಗಿ ನೀರಾವರಿ ಎಕರೆಗೆ 6 ಲಕ್ಷ, ಎರೆಭೂಮಿಗೆ 3 ಲಕ್ಷ ರೂಪಾಯಿ ಬೆಲೆ ಎಂದಿಟ್ಟುಕೊಂಡರೆ ಒಟ್ಟು ಬೆಲೆ 36 ಲಕ್ಷ. 2004ರ ಡಿಕ್ರಿಯಂತೆ ಗಂಡುಮಕ್ಕಳಿಗೆ ತಲಾ 16 ಲಕ್ಷ, ಮಗಳಿಗೆ 4 ಲಕ್ಷ ರೂಪಾಯಿ ಬೆಲೆಯ ಭೂಮಿ ಸಲ್ಲಬೇಕು. ಭೂಮಾಪಕ ಇದನ್ನು ನೆಲದ ಮೇಲೆ ಇಳಿಸುವಾಗ ಅನೇಕ ಸಂಗತಿಗಳನ್ನು ನೋಡಬೇಕಾಗುತ್ತದೆ. ಬಾವಿ ಯಾರ ಭಾಗಕ್ಕೆ ಬೀಳುತ್ತದೆ, ಬೀಳದವರಿಗೆ ನೀರಿನ ಸರದಿ ಹೇಗೆ, ಒಳಗಿನ ತುಂಡಿಗೆ ಬಂಡಿ ಹೋಗಲು ದಾರಿ ಎಲ್ಲಿ ಎಂಬುವೆಲ್ಲ ಆ ನಕ್ಷೆಯಲ್ಲಿ ತೀರ್ಮಾನವಾಗಬೇಕು. ನೆಲವನ್ನು ಸರಿಸಮನಾಗಿ ಕತ್ತರಿಸಲು ಆಗದಿದ್ದರೆ ಹೆಚ್ಚು ಬೆಲೆಯ ಭಾಗ ಪಡೆದವನು ಉಳಿದವರಿಗೆ ಹಣ ಕೊಟ್ಟು ತೂಗಿಸುವಂತೆ ಹೇಳಬಹುದು. ಮಗಳಿಗೆ 1 ಎಕರೆ 13 ಗುಂಟೆಯಷ್ಟು ಎರೆಭೂಮಿ ತೋರಿಸಿದ ಮೊದಲ ನಕ್ಷೆ ಸಿದ್ಧವಾಗುವ ಹೊತ್ತಿಗೆ 2018 ಬಂದಿತ್ತು. ಒಮ್ಮೆ ನೋಟೀಸು ಪುಣೆಯ ಹಳೆಯ ವಿಳಾಸಕ್ಕೆ ಹೋಗಿ ಹಿಂದಿರುಗಿತು. ಇನ್ನೊಮ್ಮೆ ಹೊಲದಲ್ಲಿ ಬೆಳೆ ನಿಂತಿದ್ದುದರಿಂದ ಅಳತೆ ಮುಂದಕ್ಕೆ ಹೋಯಿತು. ಇಂಥವು ಕಡತದಲ್ಲಿ ಒಂದೊಂದು ಸಾಲಾಗಿ ಕಾಣುತ್ತವೆ, ಆದರೆ ಒಂದೊಂದಕ್ಕೂ ಹಲವು ತಿಂಗಳು ಸಂದಿರುತ್ತವೆ.

ಆ ವೇಳೆಗೆ ಇನ್ನೊಬ್ಬ ವ್ಯಕ್ತಿ ನ್ಯಾಯಾಲಯಕ್ಕೆ ಬಂದ. ಹಿರಿಯ ಮಗ 2008ರಲ್ಲಿ, ಅಪೀಲು ನಡೆಯುತ್ತಿರುವಾಗಲೇ, ಬಾವಿ ಪಕ್ಕದ 1 ಎಕರೆಯನ್ನು ಊರಿನ ಒಬ್ಬರಿಗೆ ಮಾರಿದ್ದ. ದಾವೆ ನಡೆಯುತ್ತಿರುವಾಗ ಆಸ್ತಿ ಕೊಂಡವನು ಡಿಕ್ರಿಗೆ ಬದ್ಧನಾಗಿರುತ್ತಾನೆ. ತನಗೆ ದಾವೆಯ ವಿಷಯ ಗೊತ್ತಿರಲಿಲ್ಲವೆಂಬ ಮಾತು ನಡೆಯುವುದಿಲ್ಲ. ಆದರೂ ಅವನು ಬರಿಗೈಯಲ್ಲಿ ಹೋಗಬೇಕಾಗಿಲ್ಲ. ಮಾರಿದವನ ಭಾಗಕ್ಕೆ ಆ ತುಂಡನ್ನೇ ಸೇರಿಸುವಂತೆ ಅವನು ಕೇಳಿಕೊಳ್ಳಬಹುದು. ಉಳಿದವರಿಗೆ ಅನ್ಯಾಯವಾಗದಿದ್ದರೆ ನ್ಯಾಯಾಲಯ ಇದನ್ನು ಒಪ್ಪುವುದುಂಟು. ಯಾರಿಗೆ ಯಾವುದು ಎಂಬ ಪ್ರಶ್ನೆ ಎರಡನೆಯ ಹಂತದ್ದಾದ ಕಾರಣ ಇಂಥ ಕೋರಿಕೆಗೆ ಸರಿಯಾದ ಜಾಗವೂ ಅದೇ.

ಪ್ರಸಂಗದ ಮುಖ್ಯ ತಿರುವು ಬಂದುದು ಮಗಳ ಅಂಶದಲ್ಲಿ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಂತೆಯೇ ಹುಟ್ಟಿನಿಂದ ಹಕ್ಕು ಕೊಟ್ಟಿತು. ಆದರೆ ಆ ದಿನ ತಂದೆ ಜೀವಂತವಾಗಿದ್ದರೆ ಮಾತ್ರ ಈ ಹಕ್ಕು ದೊರೆಯುವುದೆಂದು 2015ರಲ್ಲಿ ಸರ್ವೋಚ್ಚ ನ್ಯಾಯಾಲಯದ ಪೀಠವೊಂದು ಹೇಳಿದ್ದರಿಂದ, 1998ರಲ್ಲಿಯೇ ತಂದೆಯನ್ನು ಕಳೆದುಕೊಂಡ ಈ ಮಗಳು ಅರ್ಜಿ ಹಾಕಲಿಲ್ಲ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ಅಭಿಪ್ರಾಯವನ್ನು ಬದಿಗೊತ್ತಿ, ತಂದೆ 2005ರಲ್ಲಿ ಬದುಕಿರಬೇಕಾದ ಅಗತ್ಯವಿಲ್ಲವೆಂದು ತೀರ್ಪಿತ್ತಿತು. ಪ್ರಾಥಮಿಕ ಡಿಕ್ರಿ ಆಗಿದ್ದರೂ ಅಂತಿಮ ಡಿಕ್ರಿಯ ನಡವಳಿಕೆ ಅಥವಾ ಅಪೀಲು ಬಾಕಿ ಇದ್ದರೆ ಮಗಳಿಗೆ ಸಮಪಾಲು ಕೊಡಬೇಕೆಂದೂ ಹೇಳಿತು.

ಇಲ್ಲಿ ಒಂದು ಸಹಜವಾದ ಸಂದೇಹ ಏಳುತ್ತದೆ. ಪ್ರಾಥಮಿಕ ಡಿಕ್ರಿ ತೀರ್ಮಾನಿಸಿದ ವಿಷಯಗಳಲ್ಲಿ ಅದರದೇ ಕಡೆಯ ಮಾತೆಂದ ಮೇಲೆ ಅಂಶಗಳನ್ನು ಮತ್ತೆ ಬದಲಿಸುವುದು ಹೇಗೆ? ಉತ್ತರ 1967ರ ಒಂದು ತೀರ್ಪಿನಲ್ಲಿಯೇ ಇದೆ. ಪ್ರಾಥಮಿಕ ಡಿಕ್ರಿಯಾದ ಮೇಲೆ ಪಾಲುದಾರನೊಬ್ಬ ಮರಣ ಹೊಂದಿದರೆ ಉಳಿದವರ ಅಂಶಗಳು ಬದಲಾಗುತ್ತವೆ. ಅಂಥ ಸಂದರ್ಭದಲ್ಲಿ ಎರಡನೆಯ ಪ್ರಾಥಮಿಕ ಡಿಕ್ರಿ ನೀಡಲು ಸಂಹಿತೆಯಲ್ಲಿ ಅಡ್ಡಿಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಅಂದೇ ಹೇಳಿತು. ಕಾನೂನು ಬದಲಾದಾಗಲೂ ಇದೇ ತತ್ತ್ವ ಅನ್ವಯಿಸುತ್ತದೆಂದು 2011ರಲ್ಲಿ ಆಂಧ್ರದಿಂದ ಬಂದ ಒಂದು ಅಪೀಲಿನಲ್ಲಿ ಅದು ವಿವರಿಸಿತು. ಅಂದರೆ ಹಿಂದೆ ವಾದಿಸಬಹುದಾಗಿದ್ದು ಬಿಟ್ಟ ವಿಷಯವನ್ನು ಮತ್ತೆ ಎತ್ತುವಂತಿಲ್ಲ. ಡಿಕ್ರಿಯ ನಂತರ ಹೊಸದಾಗಿ ಸಂಭವಿಸಿದ ಮರಣವನ್ನೋ ಕಾನೂನಿನ ಬದಲಾವಣೆಯನ್ನೋ ಎತ್ತಬಹುದು. ಹಿರಿಯ ಮಗ ತನ್ನ 2 ಎಕರೆಯ ವಾದವನ್ನು ಮತ್ತೆ ತರಲಾರ. ಆದರೆ ತಂಗಿ ತನ್ನ ಹೊಸ ಹಕ್ಕನ್ನು ತರಬಲ್ಲಳು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದ ಮೂಲಕ ಅಥವಾ ನ್ಯಾಯಾಲಯದ ಡಿಕ್ರಿಯ ಮೂಲಕ ಪೂರ್ಣವಾಗಿ ನೆರವೇರಿದ ಪಾಲನ್ನು ಹೊಸ ಕಾನೂನು ಮುಟ್ಟುವುದಿಲ್ಲ. ಈ ಕುಟುಂಬದ ಪ್ರಾಥಮಿಕ ಡಿಕ್ರಿ 2004ರ ಮಾರ್ಚಿಯದಾದರೂ ಅದು ಪಾಲನ್ನು ನೆರವೇರಿಸಿರಲಿಲ್ಲ, ಅಂಶಗಳನ್ನು ಘೋಷಿಸಿತ್ತು ಅಷ್ಟೆ.

ಮಗಳು 2020ರ ಕೊನೆಯಲ್ಲಿ ಸಲ್ಲಿಸಿದ ಅರ್ಜಿ ಮರುವರ್ಷ ಮಂಜೂರಾಯಿತು. ಹಿರಿಯ ಮಗ ಉಚ್ಚ ನ್ಯಾಯಾಲಯಕ್ಕೆ ಹೋದುದರಿಂದ ಇನ್ನೂ ಒಂದು ವರ್ಷ ಕಳೆಯಿತು. ಕೊನೆಗೆ ಮೂವರಿಗೂ ತಲಾ ಮೂರರಲ್ಲಿ ಒಂದು ಭಾಗವೆಂದು ಸ್ಥಿರವಾಯಿತು. 4 ಲಕ್ಷವಿದ್ದ ಮಗಳ ಜಮೀನಿನ ಪಾಲು ಅದೇ ಬೆಲೆಯ ಲೆಕ್ಕದಲ್ಲಿ 12 ಲಕ್ಷವಾಯಿತು. ಆದರೆ 2018ರ ನಕ್ಷೆ ನಿರುಪಯುಕ್ತವಾಯಿತು, ಮತ್ತೆ ಅಳೆಯಬೇಕಾಯಿತು. ತಡವಾದುದರಿಂದಲೇ ಆಕೆಗೆ ನ್ಯಾಯ ದೊರೆಯಿತೆಂಬುದು ವಿಚಿತ್ರವಾದರೂ ನಿಜ. 2004ರಲ್ಲಿಯೇ ಅಂತಿಮ ಡಿಕ್ರಿಯೂ ಆಗಿ ಸ್ವಾಧೀನವೂ ಮುಗಿದಿದ್ದರೆ ಆಕೆಯ ಪಾಲು ಒಂಬತ್ತರಲ್ಲಿ ಒಂದಕ್ಕೇ ನಿಲ್ಲುತ್ತಿತ್ತು.

ಹೊಸ ನಕ್ಷೆಯಲ್ಲಿ ಮೂರು ಎಕರೆ ನೀರಾವರಿಯನ್ನು ಮೂರು ಪಟ್ಟಿಗಳಾಗಿ ಸೀಳಲಿಲ್ಲ. ಹಿರಿಯನಿಗೆ ತಾನು ಮಾರಿದ ತುಂಡೂ ಸೇರಿ 2 ಎಕರೆ ನೀರಾವರಿ, ಕಿರಿಯನಿಗೆ 4 ಎಕರೆ ಎರೆಭೂಮಿ, ಮಗಳಿಗೆ 1 ಎಕರೆ ನೀರಾವರಿ ಮತ್ತು 2 ಎಕರೆ ಎರೆಭೂಮಿ ಬಂದವು. ವಿಸ್ತೀರ್ಣ ಬೇರೆಬೇರೆಯಾದರೂ ಬೆಲೆಯಲ್ಲಿ ಮೂರೂ 12 ಲಕ್ಷದವೇ. ಕೊಂಡವನ ಎಕರೆಯೂ ಉಳಿಯಿತು.

ಮನೆಯ ಸಮಸ್ಯೆ ಬೇರೆ ತೆರನಾದುದು. ಮೊದಲ ಕಮಿಷನರು ಪಡಸಾಲೆಯ ನಡುವೆ ಗೋಡೆ ಎತ್ತುವ ಸಲಹೆ ಕೊಟ್ಟಿದ್ದರು. ಅಡಿಗೆಮನೆ ಒಬ್ಬರಿಗೆ, ಬಾವಿಕಟ್ಟೆ ಇನ್ನೊಬ್ಬರಿಗೆ ಹೋಗುವ ಆ ವರದಿಯನ್ನು ನ್ಯಾಯಾಲಯ 2017ರಲ್ಲಿ ತಳ್ಳಿಹಾಕಿತು. ಹೀಗೆ ಒಡೆದರೆ ಕೆಡುವ ಆಸ್ತಿಗಾಗಿ 1893ರಷ್ಟು ಹಿಂದಿನ ಪಾಲು ಅಧಿನಿಯಮವೊಂದಿದೆ. ಒಟ್ಟಿನಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಅಂಶವುಳ್ಳ ಪಾಲುದಾರರು ಕೇಳಿಕೊಂಡರೆ ನ್ಯಾಯಾಲಯ ಹಂಚುವ ಬದಲು ಮಾರಾಟಕ್ಕೆ ಆದೇಶಿಸಬಹುದು. ಆಗ ಉಳಿದ ಪಾಲುದಾರನು ನ್ಯಾಯಾಲಯ ನಿರ್ಧರಿಸಿದ ಬೆಲೆಗೆ ಅವರ ಅಂಶಗಳನ್ನು ತಾನೇ ಕೊಳ್ಳಲು ಅನುಮತಿ ಬೇಡಬಹುದು. ಇಲ್ಲಿ ತಮ್ಮ ಮತ್ತು ತಂಗಿ ಮಾರಾಟ ಕೇಳಿದರು. ಆ ಮನೆಯಲ್ಲಿಯೇ ವಾಸವಾಗಿದ್ದ ಹಿರಿಯ ಕೊಳ್ಳಲು ಮುಂದೆ ಬಂದ. ಬೆಲೆ 30 ಲಕ್ಷವೆಂದು ಗೊತ್ತಾದುದರಿಂದ ಇಬ್ಬರಿಗೂ ತಲಾ 10 ಲಕ್ಷ ರೂಪಾಯಿ ಕೊಟ್ಟು ಮನೆಯನ್ನು ಉಳಿಸಿಕೊಂಡ. ಮೂವರೂ ಒಪ್ಪಿ ರಾಜಿ ಅರ್ಜಿ ಸಲ್ಲಿಸಿದ್ದರೆ ಇದೇ ಏರ್ಪಾಡು ಎಷ್ಟೋ ವರ್ಷ ಮೊದಲು ಆಗಬಹುದಾಗಿತ್ತು. ಪಾಲಿನ ದಾವೆಯಲ್ಲಿ ಯಾವ ಹಂತದಲ್ಲಿಯಾದರೂ ರಾಜಿಗೆ ಅವಕಾಶವಿದೆ.

2023ರ ಡಿಸೆಂಬರಿನಲ್ಲಿ ಅಂತಿಮ ಡಿಕ್ರಿ ಆಯಿತು. ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ, ನೀರಿನ ಸರದಿ, ದಾರಿಯ ಹಕ್ಕು ಎಲ್ಲವೂ ಅದರಲ್ಲಿವೆ. ನಕ್ಷೆ ಅದರ ಅಂಗ. ಆದರೂ ಇನ್ನೊಂದು ಮೆಟ್ಟಿಲು ಉಳಿಯುತ್ತದೆ. ಪಾಲಿನ ಅಂತಿಮ ಡಿಕ್ರಿಯನ್ನು ಮುದ್ರಾಂಕ ಕಾನೂನು ಪಾಲುಪತ್ರವೆಂದೇ ಪರಿಗಣಿಸುತ್ತದೆ. ಆದುದರಿಂದ ಶುಲ್ಕ ಸಲ್ಲಿಸಿ ಛಾಪಾ ಕಾಗದದ ಮೇಲೆ ಅದನ್ನು ಬರೆಸಿದ ಮೇಲೆಯೇ ಅದರ ಆಧಾರದಿಂದ ಅಮಲ್ಜಾರಿ ಸಾಧ್ಯ. ಇಲ್ಲಿ ಒಂದು ಅಪಾಯ ಅಡಗಿದೆ. ಪ್ರಾಥಮಿಕ ಡಿಕ್ರಿಯಿಂದ ಅಂತಿಮ ಡಿಕ್ರಿಗೆ ಹೋಗಲು ಕಾಲಮಿತಿಯಿಲ್ಲ. ಅಂತಿಮ ಡಿಕ್ರಿಯನ್ನು ಅಮಲ್ಜಾರಿ ಮಾಡಿಸಲು ಮಾತ್ರ 12 ವರ್ಷಗಳ ಮಿತಿ ಇದೆ. ಆ 12 ವರ್ಷ ಡಿಕ್ರಿಯ ದಿನಾಂಕದಿಂದಲೇ ಎಣಿಕೆಯಾಗುತ್ತದೆ, ಛಾಪಾ ಕಾಗದ ಒದಗಿಸಿದ ದಿನದಿಂದಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ತೀರ್ಮಾನಿಸಿದೆ. ಪಾಲುದಾರರಲ್ಲಿ ಯಾರು ಶುಲ್ಕ ಕಟ್ಟಬೇಕೆಂದು ಜಗಳವಾಡುತ್ತ ಕುಳಿತ ಕುಟುಂಬಗಳು ಈ ಅವಧಿಯನ್ನು ಕಳೆದುಕೊಂಡದ್ದುಂಟು.

ಉದಾಹರಣೆಯ ಕಿರಿಯ ಮಗ ಮತ್ತು ಮಗಳು 2024ರಲ್ಲಿ ಛಾಪಾ ಕಾಗದ ಒದಗಿಸಿ ಅಮಲ್ಜಾರಿ ಅರ್ಜಿ ಸಲ್ಲಿಸಿದರು. 2025ರಲ್ಲಿ ಭೂಮಾಪಕ ಮತ್ತು ನ್ಯಾಯಾಲಯದ ಅಮೀನ ಹೊಲಕ್ಕೆ ಬಂದು ಗಡಿಕಲ್ಲು ನೆಟ್ಟು ಸ್ವಾಧೀನ ಕೊಡಿಸಿದರು. ಪೋಡಿಯಾಗಿ ಪಹಣಿಯಲ್ಲಿ ಮೂವರ ಹೆಸರೂ ಬೇರೆಬೇರೆ ಹಿಸ್ಸಾ ನಂಬರಿನಲ್ಲಿ ಬಂದವು. 2001ರಿಂದ ಅದುವರೆಗೆ ಹಿರಿಯನು ಇಡೀ ಜಮೀನನ್ನು ತಾನೇ ಉಂಡದ್ದರ ಬಾಬ್ತು ಉಳಿದಿಬ್ಬರಿಗೆ ಸಲ್ಲಬೇಕಾದ ಉತ್ಪನ್ನದ ಲೆಕ್ಕ ಮಾತ್ರ ಪ್ರತ್ಯೇಕ ವಿಚಾರಣೆಯಾಗಿ ಅದೇ ನ್ಯಾಯಾಲಯದಲ್ಲಿ ನಡೆಯುತ್ತಿದೆ.